ಮೂರು ತಿಂಗಳ ಕೋರ್ಸು, ಒಂದೂವರೆ ವರ್ಷದ ಡಿಪ್ಲೊಮಾ ಮತ್ತು ಹಡಗಿನ ಅಡುಗೆಮನೆ

ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಒಂದೇ ಬಗೆಯ ಜಾಹೀರಾತುಗಳು ಓಡಾಡತೊಡಗುತ್ತವೆ. ಮೂರು ತಿಂಗಳ ಶೆಫ್ ಕೋರ್ಸು, ಮುಗಿದ ಕೂಡಲೇ ಕ್ರೂಸ್ ಹಡಗಿನಲ್ಲಿ ಕೆಲಸ, ಸಂಬಳ ಡಾಲರಿನಲ್ಲಿ. ಇದರಲ್ಲಿ ಹಡಗಿನ ಕೆಲಸ ಇರುವುದು ನಿಜ, ಡಾಲರೂ ನಿಜ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಎಷ್ಟೋ ಮನೆಗಳು ಆ ದುಡ್ಡಿನಿಂದಲೇ ಎದ್ದಿವೆ. ಸುಳ್ಳಿರುವುದು ‘ಮುಗಿದ ಕೂಡಲೇ’ ಎಂಬಲ್ಲಿ. ಅದು ಎಷ್ಟು ದೊಡ್ಡ ಸುಳ್ಳು ಎಂದು ತಿಳಿಯಲು ಹಡಗಿನವರು ಕೇಳುವ ವಯಸ್ಸನ್ನು ನೋಡಿದರೆ ಸಾಕು.

ಅಮೆರಿಕದ ಬಂದರುಗಳಿಂದ ಹೊರಡುವ ದೊಡ್ಡ ಕ್ರೂಸ್ ಕಂಪನಿಗಳಲ್ಲಿ ಹಲವು, 21 ತುಂಬದವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಪಿಯುಸಿ ಮುಗಿಸಿದ ಹುಡುಗನಿಗೋ ಹುಡುಗಿಗೋ ಆಗ 18 ವರ್ಷ. ಅಂದರೆ ಮೂರು ತಿಂಗಳಲ್ಲಿ ಕಲಿತರೂ, ಮೂರು ದಿನದಲ್ಲಿ ಕಲಿತರೂ, ಆ ಹಡಗುಗಳ ಬಾಗಿಲು ತೆರೆಯಲು ಮೂರು ವರ್ಷ ಕಾಯಲೇಬೇಕು. ಹಾಗಿರುವಾಗ ಅವಸರ ಯಾರಿಗೆ? ಕೋರ್ಸು ಮಾರುವವರಿಗೆ. ಕೇಳಬೇಕಾದ ಪ್ರಶ್ನೆ, ಈ ಮೂರು ವರ್ಷವನ್ನು ಹೇಗೆ ಕಳೆದರೆ 21ನೇ ವಯಸ್ಸಿಗೆ ಸಂದರ್ಶನದ ಮೇಜಿನ ಮುಂದೆ ಕೈಯಲ್ಲಿ ಏನಾದರೂ ಇರುತ್ತದೆ ಎಂಬುದು.

ಆ ಮೇಜಿನಾಚೆ ಕೂತವರು ಮೊದಲು ನೋಡುವುದು ಸರ್ಟಿಫಿಕೇಟನ್ನಲ್ಲ. ಅವರು ಹುಡುಕುವುದು ಹಿಂದಿನ ಹೋಟೆಲಿನ ಅನುಭವ ಪತ್ರವನ್ನು. ಹಡಗಿನ ಅಡುಗೆಮನೆಗೆ, ಅಲ್ಲಿನ ಮಾತಿನಲ್ಲಿ ಗ್ಯಾಲಿಗೆ, ಅಡುಗೆಯವರನ್ನು ಆರಿಸುವಾಗ ಸಾಮಾನ್ಯವಾಗಿ ನಾಲ್ಕು ಅಥವಾ ಐದು ತಾರೆಯ ಹೋಟೆಲಿನಲ್ಲಿ ಒಂದೆರಡು ವರ್ಷ ಕೆಲಸ ಮಾಡಿರಬೇಕು ಎಂದು ಕೇಳುತ್ತಾರೆ. ಸಾವಿರಾರು ಜನರಿಗೆ ದಿನಕ್ಕೆ ಮೂರು ಹೊತ್ತು, ಜೊತೆಗೆ ಮಧ್ಯರಾತ್ರಿಯ ಬಫೆ ಬೇರೆ, ಇಷ್ಟೆಲ್ಲ ಹೊರಡುವ ಜಾಗದಲ್ಲಿ ಹೊಸಬನಿಗೆ ಚಾಕು ಹಿಡಿಯುವುದನ್ನು ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಅನುಭವವಿಲ್ಲದೆ ಹೋದವರಿಗೆ ಸಿಗುವುದು ಗ್ಯಾಲಿ ಯುಟಿಲಿಟಿ ಕೆಲಸ: ಪಾತ್ರೆ, ನೆಲ, ಕಸ, ತರಕಾರಿ ಮೂಟೆ. ಅದು ಮರ್ಯಾದೆಯ ದುಡಿಮೆಯೇ. ಅಲ್ಲಿಂದ ಮೇಲೇರಿ ಅಡುಗೆಯವರಾದವರೂ ಇದ್ದಾರೆ. ಆದರೆ ಆ ಕೆಲಸಕ್ಕೆ ಶೆಫ್ ಕೋರ್ಸಿನ ಫೀಸು ಕಟ್ಟಬೇಕಾಗಿರಲಿಲ್ಲ ಎಂಬುದನ್ನು ಮನೆಯವರು ತಿಳಿದಿರಬೇಕು.

ಹಾಗಾದರೆ ಸರ್ಟಿಫಿಕೇಟಿಗೆ ಬೆಲೆಯೇ ಇಲ್ಲವೆ? ಇದೆ. ಆದರೆ ಅದರ ಕೆಲಸ ಒಂದು ಹೆಜ್ಜೆ ಹಿಂದೆ. ಹಡಗಿಗೆ ಹೋಗಲು ಹೋಟೆಲಿನ ಅನುಭವ ಬೇಕು, ಒಳ್ಳೆಯ ಹೋಟೆಲಿನೊಳಗೆ ಕಾಲಿಡಲು ಒಳ್ಳೆಯ ಕೋರ್ಸು ಬೇಕು. ಯಾವ ಕೋರ್ಸು ಒಳ್ಳೆಯದು ಎಂಬುದನ್ನು ಅದು ಯಾವ ಹೋಟೆಲಿನ ಬಾಗಿಲು ತೆರೆಯುತ್ತದೆ ಎಂಬುದರಿಂದ ಅಳೆಯಬೇಕು. ಗೋಡೆಗೆ ತೂಗುಹಾಕಿದ ಹಡಗಿನ ಫೋಟೊದಿಂದಲ್ಲ.

ಯಾರು ಕೊಟ್ಟ ಕಾಗದ?

ಡಿಪ್ಲೊಮಾ ಎಂಬ ಹೆಸರನ್ನು ಖಾಸಗಿಯವರು ಹತ್ತು ವಾರದ ಕೋರ್ಸಿಗೂ ಇಡುತ್ತಾರೆ, ಮೂರು ವರ್ಷದ್ದಕ್ಕೂ ಇಡುತ್ತಾರೆ. ಆದ್ದರಿಂದ ಹೆಸರು ಬಿಟ್ಟು ಮೂರು ಸಂಗತಿ ನೋಡಬೇಕು. ಪರೀಕ್ಷೆ ನಡೆಸಿ ಕಾಗದ ಕೊಡುವವರು ಯಾರು, ಕಲಿಕೆ ಎಷ್ಟು ಕಾಲ, ಮತ್ತು ಆ ಕಾಲದಲ್ಲಿ ಹೋಟೆಲಿನೊಳಗಿನ ತರಬೇತಿ ಎಷ್ಟು.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ಹೋಟೆಲ್ ಮ್ಯಾನೇಜ್‌ಮೆಂಟ್ ಮತ್ತು ಕೇಟರಿಂಗ್ ತಂತ್ರಜ್ಞಾನದ ರಾಷ್ಟ್ರೀಯ ಮಂಡಳಿಯ ಕಚೇರಿ ನೊಯ್ಡಾದಲ್ಲಿದೆ. ದೇಶದಲ್ಲಿರುವ ಐಎಚ್‌ಎಂಗಳು ಈ ಮಂಡಳಿಯ ಪಠ್ಯದಂತೆ ಪಾಠ ಮಾಡುತ್ತವೆ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಐಎಚ್‌ಎಂ ಅವುಗಳಲ್ಲೊಂದು. ಮೂರು ವರ್ಷದ ಬಿಎಸ್ಸಿ ಪದವಿ ಇವುಗಳ ಮುಖ್ಯ ಕೋರ್ಸು, ಅದಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇದೆ. ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ದಾರಿಯೂ ಇಲ್ಲೇ ಇದೆ. ಇದೇ ಮಂಡಳಿ ಫುಡ್ ಪ್ರೊಡಕ್ಷನ್, ಬೇಕರಿ ಮತ್ತು ಕನ್ಫೆಕ್ಷನರಿ, ಫುಡ್ ಅಂಡ್ ಬೆವರೇಜ್ ಸರ್ವಿಸ್ ಇವುಗಳಲ್ಲಿ ಒಂದೂವರೆ ವರ್ಷದ ಡಿಪ್ಲೊಮಾಗಳನ್ನು ನಡೆಸುತ್ತದೆ. ಒಂದು ವರ್ಷ ಸಂಸ್ಥೆಯಲ್ಲಿ ಕಲಿಕೆ, ಅದಾದ ಮೇಲೆ 24 ವಾರ ಹೋಟೆಲಿನಲ್ಲಿ ತರಬೇತಿ. ಎಲ್ಲ ಐಎಚ್‌ಎಂಗಳಲ್ಲೂ ಎಲ್ಲ ಡಿಪ್ಲೊಮಾಗಳು ಇರುವುದಿಲ್ಲ, ಹತ್ತಿರದ್ದರಲ್ಲಿ ಯಾವುದಿದೆ ಎಂದು ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಹತ್ತನೇ ತರಗತಿ ಮಾತ್ರ ಮುಗಿಸಿದವರಿಗೆ ಇದೇ ಮಂಡಳಿಯ ಕ್ರಾಫ್ಟ್ ಕೋರ್ಸುಗಳಿವೆ, ಐಟಿಐಗಳಲ್ಲಿ ಫುಡ್ ಪ್ರೊಡಕ್ಷನ್ ಮತ್ತು ಬೇಕರ್ ಅಂಡ್ ಕನ್ಫೆಕ್ಷನರ್ ಎಂಬ ಒಂದು ವರ್ಷದ ಟ್ರೇಡುಗಳಿವೆ.

ಇವುಗಳ ಕಾಗದವನ್ನು ಹೋಟೆಲಿನ ಮಾನವ ಸಂಪನ್ಮೂಲ ವಿಭಾಗ ಕಂಡಕೂಡಲೇ ಗುರುತಿಸುತ್ತದೆ. ವಿದೇಶದ ವೀಸಾಕ್ಕಾಗಿ ಸರ್ಟಿಫಿಕೇಟಿಗೆ ಸರಕಾರಿ ಮುದ್ರೆ ಹಾಕಿಸುವ ಪ್ರಸಂಗ ಬಂದರೂ ತೊಡಕು ಕಡಿಮೆ. ಖಾಸಗಿ ಕಾಲೇಜುಗಳಲ್ಲಿಯೂ ಹೆಸರಾದವು ಇವೆ. 1986ರಲ್ಲಿ ಶುರುವಾದ ಮಣಿಪಾಲದ ವೆಲ್‌ಕಮ್‌ಗ್ರೂಪ್ ಕಾಲೇಜಿನ ಹೆಸರನ್ನು ಕೇಳದ ಶೆಫ್ ಇರಲಾರರು. ಆದರೆ ಅದು ಪದವಿಯ ದಾರಿ, ಖರ್ಚಿನ ದಾರಿಯೂ ಹೌದು.

ಪದವಿ ಬೇಕೆ ಡಿಪ್ಲೊಮಾ ಸಾಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು. ಹೋಟೆಲಿನಲ್ಲಿ ಮ್ಯಾನೇಜ್‌ಮೆಂಟ್ ಟ್ರೈನಿ ಆಗಬೇಕು, ಫ್ರಂಟ್ ಆಫೀಸಿನಲ್ಲಿ ಬೆಳೆಯಬೇಕು, ಮುಂದೆ ಪಾಠ ಮಾಡಬೇಕು ಅಥವಾ ವಿದೇಶದಲ್ಲಿ ಓದಬೇಕು ಎಂದಿದ್ದರೆ ಪದವಿಯೇ ಬೇಕು. ದೊಡ್ಡ ಹೋಟೆಲ್ ಸಮೂಹಗಳ ಟ್ರೈನಿ ಆಯ್ಕೆಗೆ ಡಿಪ್ಲೊಮಾದವರನ್ನು ಸಾಮಾನ್ಯವಾಗಿ ಕರೆಯುವುದಿಲ್ಲ. ಆದರೆ ಗುರಿ ಒಲೆಯ ಮುಂದೆ ನಿಲ್ಲುವುದೇ ಆಗಿದ್ದರೆ, ಅದರಲ್ಲೂ ಹಡಗಿನ ಒಲೆ, ಪದವಿ ನಿಮ್ಮನ್ನು ಒಂದು ಮೆಟ್ಟಿಲೂ ಮೇಲೆ ಕೂರಿಸುವುದಿಲ್ಲ. ಗ್ಯಾಲಿಯಲ್ಲಿ ಪದವೀಧರನೂ ಡಿಪ್ಲೊಮಾದವನೂ ಅಸಿಸ್ಟೆಂಟ್ ಕುಕ್ ಅಥವಾ ಕಮಿ ಎಂದೇ ಸೇರುತ್ತಾರೆ. ಡೆಮಿ ಶೆಫ್, ಶೆಫ್ ದ ಪಾರ್ಟಿ, ಸೂ ಶೆಫ್ ಎಂದು ಮೇಲೇರುವುದು ಒಂದೊಂದು ಕಾಂಟ್ರಾಕ್ಟಿನ ಕೊನೆಯಲ್ಲಿ ಬರೆಯುವ ಮೌಲ್ಯಮಾಪನದ ಮೇಲೆ.

ಕುಂದಾಪುರದ ಹುಡುಗನ ಮೂರು ವರ್ಷ

ಕುಂದಾಪುರದಲ್ಲಿ ಪಿಯುಸಿ ಮುಗಿಸಿದ 18ರ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಅಪ್ಪನ ಕೈಯಲ್ಲಿ ಸ್ವಲ್ಪ ಉಳಿತಾಯ ಇದೆ, ಸಾಲಕ್ಕೆ ಮನಸ್ಸಿಲ್ಲ.

ಮೊದಲ ದಾರಿಯಲ್ಲಿ ಅವನು ಮೂರು ತಿಂಗಳ ಕೋರ್ಸಿಗೆ ಸೇರುತ್ತಾನೆ. ಸಂಸ್ಥೆಯವರ ಮಾತಿನಂತೆ ಅದರ ಬೆನ್ನಿಗೇ ಹಡಗಿನ ಸುರಕ್ಷತಾ ತರಬೇತಿಯನ್ನೂ ಮುಗಿಸುತ್ತಾನೆ. ದೀಪಾವಳಿಯ ಹೊತ್ತಿಗೆ ಫೈಲು ತುಂಬ ಸರ್ಟಿಫಿಕೇಟು. ಸಂದರ್ಶನಕ್ಕೆ ಹೋದರೆ ವಯಸ್ಸು ಸಾಲದು, ಅನುಭವ ಪತ್ರ ಇಲ್ಲ. ವಾಪಸು ಬಂದು ಹೋಟೆಲಿನಲ್ಲಿ ಕೆಲಸ ಕೇಳಬೇಕು. ಅಲ್ಲಿ ಮೂರು ತಿಂಗಳು ಕಲಿತವನನ್ನು ತೀರ ಕೆಳಗಿನಿಂದಲೇ ತೆಗೆದುಕೊಳ್ಳುತ್ತಾರೆ. ಸುರಕ್ಷತಾ ತರಬೇತಿಯ ಪ್ರಮಾಣಪತ್ರಗಳಲ್ಲಿ ಬೆಂಕಿ ನಂದಿಸುವುದು ಮತ್ತು ಪ್ರಾಣ ಉಳಿಸಿಕೊಳ್ಳುವುದು, ಇವೆರಡನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು. ಹಡಗು ಹತ್ತುವ ಮೊದಲೇ ಅವುಗಳ ಆಯುಷ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದಿರುತ್ತದೆ.

ಎರಡನೆಯ ದಾರಿಯಲ್ಲಿ ಅವನು ಜುಲೈನಲ್ಲಿ ಒಂದೂವರೆ ವರ್ಷದ ಡಿಪ್ಲೊಮಾಕ್ಕೆ ಸೇರುತ್ತಾನೆ. ಮುಂದಿನ ಬೇಸಗೆಯವರೆಗೆ ತರಗತಿ. ಆಮೇಲೆ 24 ವಾರ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ತರಬೇತಿ. ಹತ್ತೊಂಬತ್ತೂವರೆಗೆ ಕೈಯಲ್ಲಿ ಡಿಪ್ಲೊಮಾ, ಕೆಲಸವನ್ನು ಕಣ್ಣಾರೆ ಕಂಡ ಶೆಫ್ ಒಬ್ಬರ ಪರಿಚಯ. ಅಲ್ಲೇ ಅಥವಾ ಅಂಥದ್ದೇ ಇನ್ನೊಂದು ಹೋಟೆಲಿನಲ್ಲಿ ಕಮಿ ಆಗಿ ಸೇರಿ ಎರಡು ವರ್ಷ ದುಡಿದರೆ ಇಪ್ಪತ್ತೊಂದೂವರೆ. ವಯಸ್ಸು, ಅನುಭವ, ಕಾಗದ ಎಲ್ಲವೂ ಆ ಹೊತ್ತಿಗೆ ಕೂಡಿಬರುತ್ತವೆ. ಸುರಕ್ಷತಾ ತರಬೇತಿಗೆ ಆಗ ಹೋದರೆ ಸಾಕು. ಎರಡು ವರ್ಷದ ಸಂಬಳವೂ ಬಂದಿರುತ್ತದೆ, ಆ ತರಬೇತಿಯ ಖರ್ಚನ್ನು ಅಪ್ಪನ ಹತ್ತಿರ ಕೇಳಬೇಕಾಗಿಲ್ಲ.

ಈ ದಾರಿಯಲ್ಲಿ ಎಲ್ಲವೂ ನಿಂತಿರುವುದು ಆ 24 ವಾರಗಳ ಮೇಲೆ, ಮತ್ತು ಅದು ಕೆಡುವ ಬಗೆ ಒಂದೇ. ಹೋಟೆಲಿಗೆ ತರಬೇತಿಯ ಹುಡುಗ ಎಂದರೆ ಅಗ್ಗದ ಕೈ. ಈರುಳ್ಳಿ ಸುಲಿಯುವಲ್ಲಿ ಕೈ ಓಡುತ್ತದೆ ಎಂದು ಗೊತ್ತಾದರೆ ಆರು ತಿಂಗಳೂ ಅಲ್ಲೇ ನಿಲ್ಲಿಸಿಬಿಡಬಹುದು. ತರಬೇತಿಯೆಂದರೆ ವಿಭಾಗದಿಂದ ವಿಭಾಗಕ್ಕೆ ಸಾಗಬೇಕು: ತರಕಾರಿ ಹೆಚ್ಚುವಲ್ಲಿ ಕೆಲವು ವಾರ, ಸಲಾಡ್ ಮತ್ತು ತಣ್ಣನೆಯ ತಿನಿಸುಗಳ ಗಾರ್ಡ್ ಮಾಂಜೆಯಲ್ಲಿ ಕೆಲವು ವಾರ, ಭಾರತೀಯ ಅಡುಗೆ, ಕಾಂಟಿನೆಂಟಲ್, ಬೇಕರಿ. ಇದಕ್ಕಾಗಿಯೇ ಲಾಗ್ ಪುಸ್ತಕ ಇರುವುದು. ಪ್ರತಿ ವಿಭಾಗದಲ್ಲಿ ಎಷ್ಟು ವಾರ, ಏನೇನು ಮಾಡಿದೆ ಎಂದು ಬರೆದು ಆ ವಿಭಾಗದ ಶೆಫ್ ಸಹಿಯನ್ನು ಆ ವಾರವೇ ಹಾಕಿಸಿಕೊಳ್ಳಬೇಕು. ಕೊನೆಯ ದಿನ ಒಟ್ಟಿಗೆ ಹಾಕಿಸಿದ ಸಹಿಗಳು ಒಂದೇ ಶಾಯಿಯಲ್ಲಿ, ಒಂದೇ ಕೈಯಲ್ಲಿ ಇರುತ್ತವೆ. ನೋಡುವವರಿಗೆ ಅದು ತಿಳಿಯದೇ ಇರುವುದಿಲ್ಲ. ಆರನೇ ವಾರದ ಹೊತ್ತಿಗೂ ಮೊದಲ ಜಾಗದಿಂದ ಕದಲಿಸಿಲ್ಲ ಎಂದಾದರೆ ಕಾಲೇಜಿನ ತರಬೇತಿ ಅಧಿಕಾರಿಗೆ ಬರೆದು ತಿಳಿಸಬೇಕು. ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆಯೂ ಇದೇ: ಕಳೆದ ವರ್ಷ ನಿಮ್ಮ ಮಕ್ಕಳು ಯಾವ ಯಾವ ಹೋಟೆಲಿನಲ್ಲಿ ತರಬೇತಿ ಪಡೆದರು? ಹೆಸರು ಹೇಳಲು ತಡವರಿಸಿದರೆ ಉತ್ತರ ಸಿಕ್ಕಿತು ಎಂದೇ ತಿಳಿಯಬೇಕು.

ಹತ್ತು ಕಿಲೋ ಮೈದಾದ ಪರೀಕ್ಷೆ

ಕಿರು ಕೋರ್ಸು ಮತ್ತು ಡಿಪ್ಲೊಮಾದ ನಡುವಿನ ಅಂತರ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬೇಕರಿಯಲ್ಲಿ. ಐದು ದಿನದ, ಎರಡು ವಾರದ ಬೇಕಿಂಗ್ ಕೋರ್ಸುಗಳು ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಇವೆ. ಇಪ್ಪತ್ತು ಬಗೆಯ ಕೇಕು, ಕುಕಿ, ಬ್ರೆಡ್ಡು ಕಲಿಸುತ್ತೇವೆ ಎನ್ನುತ್ತಾರೆ. ಅನೇಕ ಕಡೆ ಕಲಿಸುವವರು ಮಾಡುತ್ತಾರೆ, ಕಲಿಯುವವರು ನೋಡುತ್ತಾರೆ, ಒಂದು ಮೇಜಿನ ಐವರು ಸೇರಿ ಒಂದು ಕೇಕಿಗೆ ಕ್ರೀಮು ಹಚ್ಚುತ್ತಾರೆ. ಮನೆಯಲ್ಲಿ ಆರ್ಡರ್ ತೆಗೆದುಕೊಂಡು ಹುಟ್ಟುಹಬ್ಬದ ಕೇಕು ಮಾಡಲು ಇಷ್ಟು ಸಾಕಾಗಬಹುದು. ಹೋಟೆಲಿನ ಬೇಕರಿಗೆ ಸಾಲದು.

ಏಕೆಂದರೆ ಅಲ್ಲಿ ಕೇಳುವುದು ಪಾಕವಿಧಾನವನ್ನಲ್ಲ, ಲೆಕ್ಕವನ್ನು. ಸಂದರ್ಶನದ ಸಾಮಾನ್ಯ ಪ್ರಶ್ನೆಯೊಂದನ್ನು ನೋಡಿ: ನಾಳೆ ಬೆಳಗ್ಗೆಗೆ ತಲಾ 60 ಗ್ರಾಂ ತೂಕದ 400 ಡಿನ್ನರ್ ರೋಲ್ ಬೇಕು, ಮೈದಾ ಎಷ್ಟು ತೂಗುತ್ತೀ? ಬೇಕರಿಯಲ್ಲಿ ಮೈದಾವನ್ನು ನೂರು ಎಂದು ಇಟ್ಟುಕೊಂಡು ಉಳಿದುದೆಲ್ಲವನ್ನು ಅದರ ಶೇಕಡಾದಲ್ಲಿ ಹೇಳುತ್ತಾರೆ. ಸರಳವಾದ ರೋಲಿಗೆ ನೀರು 62, ಹಸಿ ಯೀಸ್ಟ್ 2, ಉಪ್ಪು 2 ಎಂದಿಟ್ಟುಕೊಂಡರೆ ಒಟ್ಟು 166. ಬೇಕಾದ ಕಣಕ 400 ಸಲ 60 ಗ್ರಾಂ, ಅಂದರೆ 24 ಕಿಲೋ. ಅದನ್ನು 1.66ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಹದಿನಾಲ್ಕೂವರೆ ಕಿಲೋ ಮೈದಾ. ಪಾತ್ರೆಗೆ, ಕೈಗೆ ಅಂಟಿ ಹೋಗುವುದನ್ನು ಸೇರಿಸಿ 15 ಕಿಲೋ ತೂಗುತ್ತೇನೆ ಎಂದವನಿಗೆ ಕೆಲಸ ಗೊತ್ತಿದೆ ಎಂದು ಎದುರಿನವರಿಗೆ ಅರ್ಥವಾಗುತ್ತದೆ.

ಇನ್ನೊಂದು ಪ್ರಶ್ನೆ ನೀರಿನದು. ಕಲಸಿ ಮುಗಿದಾಗ ಕಣಕದ ಉಷ್ಣತೆ 26 ಡಿಗ್ರಿ ಇರಬೇಕು ಎಂದುಕೊಳ್ಳೋಣ. ಮಂಗಳೂರಿನ ಏಪ್ರಿಲ್‌ನಲ್ಲಿ ಅಡುಗೆಮನೆ 31 ಡಿಗ್ರಿ, ಮೈದಾ 29 ಡಿಗ್ರಿ, ಯಂತ್ರ ಕಲಸುವಾಗ ಹುಟ್ಟುವ ಬಿಸಿಗೆ 8 ಡಿಗ್ರಿ. 26ನ್ನು ಮೂರರಿಂದ ಗುಣಿಸಿ 78, ಅದರಿಂದ ಈ ಮೂರನ್ನೂ ಕಳೆದರೆ 10. ಅಂದರೆ 10 ಡಿಗ್ರಿಯ ತಣ್ಣೀರು ಹಾಕಬೇಕು, ನಲ್ಲಿಯ ನೀರು ಹಾಕಿದರೆ ಕಣಕ ಕಾದು, ಬೇಗ ಉಬ್ಬಿ, ಹುಳಿ ವಾಸನೆಯ ಒರಟು ಬ್ರೆಡ್ಡಾಗುತ್ತದೆ. ಅದೇ ಕಣಕವನ್ನು ಹವಾನಿಯಂತ್ರಿತ ಅಡುಗೆಮನೆಯಲ್ಲಿ ಕಲಸುವಾಗ ನೀರು ಬೇರೆಯೇ ಆಗುತ್ತದೆ. ಎರಡು ವಾರದ ಕೋರ್ಸಿನಲ್ಲಿ ಈ ಸೂತ್ರವನ್ನು ಬರೆಸಬಹುದು. ಆದರೆ ಬೇಸಗೆಯ ಕಣಕ, ಮಳೆಗಾಲದ ಕಣಕ, ಕೆಟ್ಟುಹೋದ ಕಣಕ ಇವೆಲ್ಲವನ್ನೂ ಬೆರಳಿಂದ ಮುಟ್ಟಿ ಗುರುತಿಸುವುದಕ್ಕೆ ಒಂದು ವರ್ಷದ ಋತುಗಳು ಬೇಕು. ಹಡಗಿನಲ್ಲಿ ಬ್ರೆಡ್ಡು ಬೇಯುವುದು ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ. ಬೆಳಗಿನ ಉಪಾಹಾರಕ್ಕೆ ರೋಲು ಎದ್ದಿಲ್ಲ ಎಂದರೆ ಪಕ್ಕದ ಅಂಗಡಿಯಿಂದ ತರಿಸುವಂತಿಲ್ಲ.

ಹಾಗಾಗಿ ಕಿರು ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದು: ಪ್ರತಿಯೊಬ್ಬರೂ ತಾವೇ ತೂಗಿ ತಾವೇ ಕಲಸುತ್ತಾರೆಯೆ? ಒಬ್ಬರ ಪಾಲಿಗೆ ವಾರಕ್ಕೆ ಎಷ್ಟು ಕಿಲೋ ಮೈದಾ ಬರುತ್ತದೆ? ಇರುವುದು ಮನೆಯ ಓಟಿಜಿಯೋ, ಹೋಟೆಲಿನಲ್ಲಿರುವಂಥ ಡೆಕ್ ಓವನ್ನೋ? ಮಾಡಿದ್ದು ಕೆಟ್ಟರೆ ಮತ್ತೆ ಮಾಡಲು ಬಿಡುತ್ತಾರೆಯೆ?

ಇಷ್ಟು ಹೇಳಿದ ಮಾತ್ರಕ್ಕೆ ಕಿರು ಕೋರ್ಸುಗಳನ್ನು ತಳ್ಳಿಹಾಕಬೇಕಾಗಿಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರದಿಂದ ಕೆಲವೇ ವಾರಗಳ ಕಲಿಕೆ ಮುಗಿಸಿ ಹೊರಬಂದು ಊರಿನಲ್ಲಿ ಬೇಕರಿ ತೆರೆದವರು ರಾಜ್ಯದ ತುಂಬ ಇದ್ದಾರೆ. ಸ್ವಂತ ಅಂಗಡಿ ಹಾಕುವವರಿಗೆ ಅದು ಬಹಳ ಒಳ್ಳೆಯ ದಾರಿ. ಅಯ್ಯಂಗಾರ್ ಬೇಕರಿಯಲ್ಲಿ ಹತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ಐರೋಪ್ಯ ಬ್ರೆಡ್ಡು, ಲ್ಯಾಮಿನೇಟೆಡ್ ಪೇಸ್ಟ್ರಿ ಕಲಿಯಲೂ ಕಿರು ಕೋರ್ಸೇ ಸರಿ. ಅವರ ಕೈಗೆ ಕಣಕ ಗೊತ್ತಿದೆ, ಹೊಸ ತಿನಿಸು ಮಾತ್ರ ಗೊತ್ತಿಲ್ಲ. ಈಗಾಗಲೇ ಕೆಲಸ ಬಲ್ಲವರಿಗೆ ಕಿರು ಕೋರ್ಸು ತುಂಬ ಕೊಡುತ್ತದೆ, ಏನೂ ಬಾರದವರಿಗೆ ಕಡಿಮೆ ಕೊಡುತ್ತದೆ.

ಮನೆಯಲ್ಲಿ ಮೊದಲೇ ಆಡಬೇಕಾದ ಮಾತು

ಬೇಕರಿ ವಿಭಾಗವನ್ನು ಆರಿಸಿಕೊಳ್ಳುವ ನಮ್ಮ ಕಡೆಯ ಮಕ್ಕಳಲ್ಲಿ ಒಂದಷ್ಟು ಮಂದಿಗೆ ಇನ್ನೊಂದು ಕಾರಣವಿದೆ. ಮಾಂಸ ಮುಟ್ಟಬೇಕಾಗುತ್ತದೆ ಎಂಬ ಅಳುಕು ಅದು. ಇದನ್ನು ಮುಚ್ಚಿಡುವುದಕ್ಕಿಂತ ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು. ಫುಡ್ ಪ್ರೊಡಕ್ಷನ್ ಕಲಿಯುವವರು ಕೋಳಿ, ಮೀನು, ಕುರಿ ಮಾಂಸವನ್ನು ಕತ್ತರಿಸಲೇಬೇಕು. ಹಡಗಿನ ಗ್ಯಾಲಿಯಲ್ಲಿ ದನದ ಮಾಂಸವೂ ಹಂದಿ ಮಾಂಸವೂ ದಿನನಿತ್ಯದ ಕೆಲಸ, ಸಂದರ್ಶನದಲ್ಲೇ ನೇರವಾಗಿ ಕೇಳುವವರಿದ್ದಾರೆ. ಒಲ್ಲೆ ಎನ್ನುವುದು ತಪ್ಪಲ್ಲ. ಆದರೆ ಒಂದು ವರ್ಷದ ಫೀಸು ಕಟ್ಟಿದ ಮೇಲೆ ಒಲ್ಲೆ ಎನ್ನುವುದು ಮನೆಗೆ ಭಾರ. ಬೇಕರಿ, ಪೇಸ್ಟ್ರಿ ವಿಭಾಗದಲ್ಲಿ ಈ ತೊಡಕು ಬಹಳ ಕಡಿಮೆ. ಅಲ್ಲೂ ಮೊಟ್ಟೆ ತಪ್ಪುವುದಿಲ್ಲ, ಜೆಲಟಿನ್ ಬರುವುದು ಪ್ರಾಣಿಯಿಂದ, ಕೆಲವು ಸಿಹಿಗಳಿಗೆ ಮದ್ಯ ಬೀಳುತ್ತದೆ. ಮಾಡಿದ್ದನ್ನು ರುಚಿ ನೋಡದೆ ಕಳಿಸುವ ಹಾಗೂ ಇಲ್ಲ.

ದರ್ಶಿನಿಗಳಲ್ಲಿ, ಉಡುಪಿ ಹೋಟೆಲುಗಳಲ್ಲಿ ವರ್ಷಗಟ್ಟಲೆ ದುಡಿದವರ ವಿಷಯ ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ್ದು. ಗಂಟೆಗೆ ಇನ್ನೂರು ದೋಸೆ ಹುಯ್ಯುವವರ ಕೈಗೆ ಯಾವ ಡಿಪ್ಲೊಮಾದವರೂ ಸಾಟಿಯಿಲ್ಲ. ಆದರೂ ಅವರ ಹತ್ತು ವರ್ಷ ಸಂದರ್ಶನದಲ್ಲಿ ಎಣಿಕೆಗೆ ಬರುವುದಿಲ್ಲ, ಏಕೆಂದರೆ ನೇಮಕಾತಿ ಪತ್ರ ಇಲ್ಲ, ಸಂಬಳದ ಚೀಟಿ ಇಲ್ಲ, ಭವಿಷ್ಯನಿಧಿ ಖಾತೆ ಇಲ್ಲ. ಇಂಥವರ ಅನುಭವವನ್ನು ಅಳೆದು ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ವಿಕಾಸ ಯೋಜನೆಯಲ್ಲಿ ಇದೆ. ಅದನ್ನು ಪಡೆಯುವುದು ಒಳ್ಳೆಯದೇ, ಆದರೆ ಆ ಕಾಗದವೊಂದೇ ಹಡಗಿನವರೆಗೆ ಒಯ್ಯುವುದಿಲ್ಲ. ಅದನ್ನು ಹಿಡಿದು ತಾರಾ ಹೋಟೆಲಿನ ದಕ್ಷಿಣ ಭಾರತೀಯ ವಿಭಾಗಕ್ಕೋ ಸಿಬ್ಬಂದಿ ಕ್ಯಾಂಟೀನಿಗೋ ಸೇರಿ, ಅಲ್ಲಿ ಒಂದೆರಡು ವರ್ಷದ ದಾಖಲೆ ಮಾಡಿಕೊಂಡರೆ ದಾರಿ ತೆರೆಯುತ್ತದೆ. ಭಾರತದ ಪ್ರವಾಸಿಗರು ಹೆಚ್ಚಿರುವ ಹಡಗುಗಳಿಗೆ, ನಮ್ಮವರೇ ನೂರಾರು ಮಂದಿ ಇರುವ ಸಿಬ್ಬಂದಿ ಮೆಸ್ಸಿಗೆ ದೋಸೆ, ಸಾಂಬಾರು ಬಲ್ಲ ಕೈ ಬೇಕೇ ಬೇಕು.

ಸಂದರ್ಶನದಲ್ಲಿ ಕೇಳುವುದು

ಅಡುಗೆಯ ಪ್ರಶ್ನೆಗಳ ಜೊತೆಗೆ ಹಡಗಿನವರು ಒತ್ತಿ ಕೇಳುವುದು ಶುಚಿತ್ವದ ಬಗ್ಗೆ. ಅಮೆರಿಕದ ಬಂದರಿಗೆ ಬರುವ ಕ್ರೂಸ್ ಹಡಗುಗಳನ್ನು ಅಲ್ಲಿನ ಆರೋಗ್ಯ ಇಲಾಖೆಯ ತಪಾಸಣೆಗಾರರು ಮುನ್ಸೂಚನೆ ಇಲ್ಲದೆ ಪರೀಕ್ಷಿಸುತ್ತಾರೆ, ನೂರಕ್ಕೆ ಅಂಕ ಕೊಡುತ್ತಾರೆ. 86 ಬಂದರೆ ಪಾಸು, 85 ಬಂದರೆ ಫೇಲು, ಅದು ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಹಾಗಾಗಿ ತಣ್ಣನೆಯ ಆಹಾರ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಬಿಸಿಯದು 57 ಅಥವಾ ಅದಕ್ಕಿಂತ ಮೇಲೆ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಿರಬೇಕು. ಬೆಂದ ಸೂಪನ್ನು ಆರಿಸುವಾಗ ಮೊದಲ ಎರಡು ಗಂಟೆಯಲ್ಲಿ 57ರಿಂದ 21 ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯಲ್ಲಿ 5 ಡಿಗ್ರಿಗೆ ಇಳಿಸಬೇಕು. ದೊಡ್ಡ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟರೆ ನಡುವಿನ ಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ, ಅದಕ್ಕೇ ಆಳವಿಲ್ಲದ ತಟ್ಟೆಗಳಿಗೆ ಸುರಿಯುವುದು. ಇದನ್ನು ಬಾಯಿಪಾಠ ಮಾಡಿದವರು ಮೊದಲ ಪ್ರಶ್ನೆಗೆ ಉತ್ತರಿಸುತ್ತಾರೆ, ಏಕೆ ಎಂದರೆ ನಿಲ್ಲುತ್ತಾರೆ. ಹೋಟೆಲಿನಲ್ಲಿ ಕೈಯಲ್ಲಿ ಥರ್ಮಾಮೀಟರು ಹಿಡಿದು ದಿನವೂ ಪಟ್ಟಿ ತುಂಬಿದವರು ನಿಲ್ಲುವುದಿಲ್ಲ.

ಆಯ್ಕೆಯಾದ ಮೇಲೆ ಬರುವುದು ಸುರಕ್ಷತಾ ತರಬೇತಿ, ಎಸ್‌ಟಿಸಿಡಬ್ಲ್ಯು ಎಂದು ಎಲ್ಲರೂ ಕರೆಯುವುದು. ನೀರಿನಲ್ಲಿ ಪ್ರಾಣ ಉಳಿಸಿಕೊಳ್ಳುವುದು, ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಹಡಗಿನ ಮೇಲಿನ ಹೊಣೆಗಾರಿಕೆ, ಭದ್ರತೆ, ಹೀಗೆ ಐದು ಸಣ್ಣ ಕೋರ್ಸುಗಳು, ಎಲ್ಲ ಸೇರಿ ಸುಮಾರು ಎರಡು ವಾರ. ಇದರಲ್ಲಿ ಅಡುಗೆಯ ಮಾತೇ ಇಲ್ಲ. ಇದನ್ನು ‘ಕ್ರೂಸ್ ಕೋರ್ಸ್’ ಎಂದು ಮಾರುವವರಿದ್ದಾರೆ, ಅದರಿಂದ ಯಾರೂ ಶೆಫ್ ಆಗುವುದಿಲ್ಲ. ಕಲಿಸುವ ಸಂಸ್ಥೆಗೆ ಹಡಗು ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ ಎಂದು ಇಲಾಖೆಯ ಜಾಲತಾಣದಲ್ಲೇ ನೋಡಬಹುದು. ಇನ್ನೊಂದು ಗೊಂದಲವೂ ಇದೆ. ಸರಕು ಹಡಗಿನ ಅಡುಗೆಯವರಿಗೆ ಇದೇ ನಿರ್ದೇಶನಾಲಯದ ಆರು ತಿಂಗಳ ಮ್ಯಾರಿಟೈಮ್ ಕೇಟರಿಂಗ್ ಕೋರ್ಸು ಇದೆ. ಅದು ಇಪ್ಪತ್ತು ಇಪ್ಪತ್ತೈದು ಮಂದಿ ನಾವಿಕರಿಗೆ ಅಡುಗೆ ಮಾಡುವ ಕೆಲಸದ್ದು. ಕ್ರೂಸಿನ ಗ್ಯಾಲಿಗೆ ಬೇಕಾದದ್ದು ಅದಲ್ಲ, ಸರಕು ಹಡಗಿಗೆ ಹೋಟೆಲ್ ಡಿಪ್ಲೊಮಾ ಒಂದೇ ಸಾಲದು. ಯಾವ ಹಡಗು ಎಂದು ಮೊದಲು ತೀರ್ಮಾನಿಸಿ ಆಮೇಲೆ ಫೀಸು ಕಟ್ಟಬೇಕು.

ಏಜೆಂಟರಿಗೆ ಕೊಡಬೇಕಾದ ಹಣ ಎಷ್ಟು? ಸೊನ್ನೆ. ನಾವಿಕರ ದುಡಿಮೆಯ ಬಗೆಗಿನ 2006ರ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಅದರ ಪ್ರಕಾರ ಕೆಲಸ ಕೊಡಿಸುವುದಕ್ಕೆ ನಾವಿಕರಿಂದ ಶುಲ್ಕ ಪಡೆಯುವಂತಿಲ್ಲ. ಪಾಸ್‌ಪೋರ್ಟು, ನಾವಿಕರ ಪುಸ್ತಕ, ಕಾನೂನು ಕೇಳುವ ವೈದ್ಯಕೀಯ ಪ್ರಮಾಣಪತ್ರ ಇವುಗಳ ಖರ್ಚು ನಮ್ಮದು, ವೀಸಾ ಖರ್ಚು ಹಡಗಿನ ಮಾಲೀಕರದು. ಕ್ರೂಸ್ ಹಡಗಿನ ಹೋಟೆಲ್ ವಿಭಾಗದಲ್ಲಿ ದುಡಿಯುವ ಅಡುಗೆಯವರೂ ಈ ಒಪ್ಪಂದದ ಲೆಕ್ಕದಲ್ಲಿ ನಾವಿಕರೇ. ಸೇರಿಸಿಕೊಳ್ಳುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಇರಬೇಕು, ಆ ಪಟ್ಟಿಯೂ ನಿರ್ದೇಶನಾಲಯದ ಜಾಲತಾಣದಲ್ಲಿದೆ. ‘ಸೀಟು ಹಿಡಿದಿಡಲು’ ಲಕ್ಷ ಕೇಳಿದವನ ಮುಂದೆ ಕೂತು ಆ ಪಟ್ಟಿಯಲ್ಲಿ ಅವನ ಸಂಖ್ಯೆಯನ್ನು ಹುಡುಕಿ ನೋಡಿ.

ಸಂಬಳದ ಲೆಕ್ಕವನ್ನೂ ಹೊರಡುವ ಮೊದಲೇ ಹಾಕಿಕೊಳ್ಳಬೇಕು. ಗ್ಯಾಲಿಯವರ ಕಾಂಟ್ರಾಕ್ಟು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು, ವಾರದ ಏಳೂ ದಿನ ಕೆಲಸ. ಅದೇ ಒಪ್ಪಂದ ಹೇಳುವಂತೆ ದಿನದಲ್ಲಿ ಹತ್ತು ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕು. ಬಡಿಸುವವರಿಗೆ, ಕೋಣೆ ನೋಡಿಕೊಳ್ಳುವವರಿಗೆ ಸಿಗುವ ಟಿಪ್ಸು ಅಡುಗೆಯವರಿಗೆ ಅಷ್ಟಾಗಿ ಬರುವುದಿಲ್ಲ. ಕಾಂಟ್ರಾಕ್ಟು ಮುಗಿದು ಮನೆಗೆ ಬಂದ ತಿಂಗಳುಗಳಿಗೆ ಹಲವು ಕಂಪನಿಗಳಲ್ಲಿ ಸಂಬಳ ಇರುವುದಿಲ್ಲ. ಎಂಟು ತಿಂಗಳು ದುಡಿದು ಎರಡು ತಿಂಗಳು ಮನೆಯಲ್ಲಿದ್ದರೆ ಎಂಟರ ದುಡ್ಡನ್ನು ಹತ್ತಕ್ಕೆ ಹಂಚಿ ನೋಡಬೇಕು. ಬೆಂಗಳೂರಿನ ಹೋಟೆಲಿನ ಹನ್ನೆರಡು ತಿಂಗಳ ಸಂಬಳ, ಭವಿಷ್ಯನಿಧಿ, ಊಟವನ್ನು ಪಕ್ಕದಲ್ಲಿ ಬರೆದು ಹೋಲಿಸಿದರೂ ಹಡಗಿನದು ಹೆಚ್ಚೇ ಇರಬಹುದು, ಆದರೆ ಜಾಹೀರಾತಿನಲ್ಲಿ ಕಂಡಷ್ಟು ಅಲ್ಲ. ಎರಡು ಮೂರು ಕಾಂಟ್ರಾಕ್ಟು ಮುಗಿಸಿ ದಡಕ್ಕೆ ಮರಳುವವರು ಪ್ರತಿ ಸಲ ಹಡಗಿನಿಂದ ಇಳಿಯುವಾಗ ಹುದ್ದೆ ಮತ್ತು ಅವಧಿ ನಮೂದಾದ ಸೇವಾ ಪತ್ರವನ್ನು, ಕೊನೆಯ ಮೌಲ್ಯಮಾಪನದ ಪ್ರತಿಯನ್ನು ಕೇಳಿ ಪಡೆದುಕೊಳ್ಳಬೇಕು. ಊರಿನ ಹೋಟೆಲಿನಲ್ಲಿ ಕಮಿಯಾಗಿ ಅಲ್ಲದೆ ಶೆಫ್ ದ ಪಾರ್ಟಿಯಾಗಿ ಸೇರಿಸಿಕೊಳ್ಳಿ ಎಂದು ಕೇಳುವಾಗ ಎದುರಿನವರು ನೋಡಬಯಸುವುದು ಆ ಎರಡು ಹಾಳೆಗಳನ್ನು.